ತಳಿಯ ರಾಜಧನವೂ ಕನಿಷ್ಠ ಖಾತರಿ ಹಣವೂ: ಕೊರತೆಯನ್ನು ಮುಜರಾ ಮಾಡಿಕೊಳ್ಳುವ ಲೆಕ್ಕ

ಒಬ್ಬರು ಸಿದ್ಧಪಡಿಸಿದ ತಳಿಯ ಬೀಜವನ್ನು ಮತ್ತೊಬ್ಬರು ಬೆಳೆದು ಮಾರುವಾಗ, ಮಾರಿದವರು ತಳಿಯ ಒಡೆಯರಿಗೆ ಮಾರಾಟದ ಮೇಲೆ ಗೊತ್ತಾದ ಒಂದು ಪಾಲನ್ನು ಕೊಡಬೇಕಾಗುತ್ತದೆ. ಈ ಪಾಲಿಗೆ ರಾಯಲ್ಟಿ ಅಥವಾ ರಾಜಧನವೆಂದು ಹೆಸರು. ತಳಿಯ ಒಡೆಯರನ್ನು ಈ ಲೇಖನದಲ್ಲಿ ಹಕ್ಕುದಾರರೆಂದೂ, ಅವರ ಅಪ್ಪಣೆ ಪಡೆದು ಬೀಜ ಮಾಡಿ ಮಾರುವವರನ್ನು ಪರವಾನಗಿದಾರರೆಂದೂ ಕರೆಯುವೆವು. ರೈತರೇ ಸೇರಿ ನಡೆಸುವ ಬೀಜೋತ್ಪಾದಕರ ಕಂಪೆನಿಗಳು ಇಂತಹ ಕರಾರುಗಳಿಗೆ ರುಜು ಹಾಕುವಾಗ ರಾಜಧನವು ನೂರಕ್ಕೆ ಎಷ್ಟೆಂಬುದನ್ನು ಮಾತ್ರ ನೋಡಿ ತೃಪ್ತಿಪಡುವುದು ಸಾಮಾನ್ಯವಾಗಿದೆ. ಆದರೆ ಅದೇ ಕರಾರಿನಲ್ಲಿ ಕನಿಷ್ಠ ಖಾತರಿ ಹಣವೆಂಬ ಒಂದು ಕಲಮೂ, ಅದರ ಕೊರತೆಯನ್ನು ಮುಂದೆ ಮುಜರಾ ಮಾಡಿಕೊಳ್ಳುವ ಇನ್ನೊಂದು ಕಲಮೂ ಇರುತ್ತವೆ. ಮಾರಾಟವು ಒಂದೇ ಆಗಿದ್ದರೂ, ಈ ಎರಡನೆಯ ಕಲಮಿನ ನಾಲ್ಕು ಮಾತುಗಳ ವ್ಯತ್ಯಾಸದಿಂದ ಐದು ವರ್ಷದಲ್ಲಿ ಕೊಡಬೇಕಾದ ಹಣವು ಲಕ್ಷ ರೂಪಾಯಿಗೂ ಮೀರಿ ಹೆಚ್ಚು ಕಡಿಮೆಯಾಗಬಹುದೆಂಬುದನ್ನು ಮುಂದಿನ ಉದಾಹರಣೆಯಿಂದ ತಿಳಿಯಬಹುದು.

1. ರಾಜಧನವು ಯಾರಿಂದ ಯಾರಿಗೆ ಸಲ್ಲುತ್ತದೆ

ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ ಪ್ರಕಾರ ನೋಂದಣಿಯಾದ ತಳಿಯ ಬೀಜವನ್ನು ಉತ್ಪಾದಿಸುವ, ಮಾರುವ, ಹಂಚುವ ಹಕ್ಕು ಆ ತಳಿಯನ್ನು ನೋಂದಾಯಿಸಿದವರಿಗೆ ಇರುತ್ತದೆ. ಅವರು ಈ ಹಕ್ಕನ್ನು ಕರಾರಿನ ಮೂಲಕ ಮತ್ತೊಬ್ಬರಿಗೆ ಪರವಾನಗಿಯಾಗಿ ಕೊಡಬಹುದು. ಹಕ್ಕುದಾರರು ಸಂಶೋಧನಾ ಸಂಸ್ಥೆಯೇ ಆಗಬೇಕೆಂದಿಲ್ಲ, ರೈತನೂ ಆಗಬಹುದು. ತುಮಕೂರು ಜಿಲ್ಲೆಯ ಒಬ್ಬ ರೈತರ ತೋಟದ ಮರದಿಂದ ಬಂದ 'ಸಿದ್ದು' ಎಂಬ ಕೆಂದೊಳೆಯ ಹಲಸಿನ ಕಸಿಗಿಡಗಳನ್ನು ಬೆಳೆಸಿ ಮಾರಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅವರೊಡನೆ ಒಪ್ಪಂದ ಮಾಡಿಕೊಂಡು, ಮಾರಾಟದ ಹಣದಲ್ಲಿ ನೂರಕ್ಕೆ 75 ಪಾಲನ್ನು ಆ ರೈತರಿಗೆ ಸಲ್ಲುವಂತೆ ಏರ್ಪಾಟು ಮಾಡಿದುದು ನಮ್ಮ ನಾಡಿನ ಓದುಗರಿಗೆ ತಿಳಿದ ಸಂಗತಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ರಾಜಧನವನ್ನು ಕೊಡತಕ್ಕವರು ಪರವಾನಗಿ ಪಡೆದು ಬೀಜ ಮಾರುವವರೇ ಹೊರತು, ಬೀಜ ಕೊಂಡು ಬಿತ್ತಿದ ಬೇಸಾಯಗಾರರಲ್ಲ. ಮೇಲಿನ ಕಾಯಿದೆಯ 39ನೆಯ ಕಲಮಿನಂತೆ ರೈತನು ತಾನು ಬೆಳೆದ ಬೆಳೆಯಿಂದ ಬೀಜ ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ಇತರರೊಡನೆ ಅದಲುಬದಲು ಮಾಡಿಕೊಳ್ಳಲು, ಮಾರಲು ಸಹ ಸ್ವತಂತ್ರನಾಗಿದ್ದಾನೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಚೀಲಕ್ಕೆ ತುಂಬಿ ಹೆಸರಿನ ಚೀಟಿ ಹಚ್ಚಿ ಬ್ರಾಂಡು ಬೀಜವಾಗಿ ಮಾರಕೂಡದು.

2. ಕನಿಷ್ಠ ಖಾತರಿ ಹಣವೇಕೆ

ಮಾರಾಟವಾದಷ್ಟಕ್ಕೆ ಮಾತ್ರ ರಾಜಧನವೆಂದು ಕರಾರಾದರೆ ಹಕ್ಕುದಾರರಿಗೆ ಒಂದು ಭಯವುಂಟು. ಪರವಾನಗಿದಾರರು ತಳಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಬೀಜವನ್ನು ಉತ್ಪಾದಿಸದೆ ಸುಮ್ಮನಿದ್ದರೆ ಹಕ್ಕುದಾರರಿಗೆ ಒಂದು ಕಾಸೂ ಬಾರದು. ಆ ಪರವಾನಗಿಯು ಒಬ್ಬರಿಗೇ ಮೀಸಲಾಗಿದ್ದರಂತೂ, ಬೇರೆಯವರಿಗೆ ತಳಿಯನ್ನು ಕೊಡುವ ದಾರಿಯೂ ಮುಚ್ಚಿಹೋಗುತ್ತದೆ. ಇದರ ಪರಿಹಾರಕ್ಕಾಗಿಯೇ ಮಾರಾಟವು ಎಷ್ಟೇ ಕಡಿಮೆಯಾಗಿರಲಿ, ವರ್ಷಕ್ಕೆ ಇಂತಿಷ್ಟು ಹಣವನ್ನು ಕೊಟ್ಟೇ ತೀರಬೇಕೆಂದು ಗೊತ್ತುಪಡಿಸುತ್ತಾರೆ. ಅದೇ ಕನಿಷ್ಠ ಖಾತರಿ ಹಣ.

ಇದರಿಂದ ಪರವಾನಗಿದಾರರಿಗೆ ಭಾರವಾಗುವುದು ಸಹಜ. ಮಾರಾಟವಿಲ್ಲದ ವರ್ಷದಲ್ಲಿ ಅವರು ಕೊಡುವ ಹಣವು ನಿಜವಾದ ರಾಜಧನಕ್ಕಿಂತ ಹೆಚ್ಚಾಗಿರುತ್ತದೆ. ಹೀಗೆ ಹೆಚ್ಚಾಗಿ ಕೊಟ್ಟ ಭಾಗಕ್ಕೆ ಕೊರತೆಯೆನ್ನುವರು. ಏಕೆಂದರೆ ಕನಿಷ್ಠ ಹಣಕ್ಕೆ ರಾಜಧನವು ಅಷ್ಟು ಕೊರತೆಯಾಗಿದೆ. ಈ ಕೊರತೆಯನ್ನು ಮುಂದೆ ಮಾರಾಟವು ಚೆನ್ನಾಗಿ ನಡೆದ ವರ್ಷಗಳಲ್ಲಿ ಹಿಡಿದುಕೊಳ್ಳಲು ಹಕ್ಕುದಾರರು ಒಪ್ಪುವುದೇ ಮುಜರಾ ಕಲಮು.

3. ಮುಜರಾ ಮಾಡುವ ನಿಯಮ

ಮುಜರಾ ಮಾಡುವುದರಲ್ಲಿ ಮೂರು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ಕೊರತೆಯು ಸಾಲವಲ್ಲ. ಅದನ್ನು ನಗದಾಗಿ ಹಿಂದಕ್ಕೆ ಕೇಳುವಂತಿಲ್ಲ. ಎರಡನೆಯದು, ಒಂದು ವರ್ಷದ ರಾಜಧನವು ಕನಿಷ್ಠ ಹಣವನ್ನು ಎಷ್ಟು ಮೀರುವುದೋ ಅಷ್ಟನ್ನು, ಅಂದರೆ ಹೆಚ್ಚಳವನ್ನು ಮಾತ್ರ, ಹಿಂದಿನ ಕೊರತೆಗೆ ಹಿಡಿದುಕೊಳ್ಳಬಹುದು. ಮೂರನೆಯದು, ಎರಡು ಮೂರು ವರ್ಷಗಳ ಕೊರತೆಗಳು ಒಟ್ಟುಗೂಡಿದ್ದರೆ ಹಳೆಯದನ್ನು ಮೊದಲು ತೀರಿಸಬೇಕು.

ತಪ್ಪು ನಡೆಯುವುದು ಸಾಮಾನ್ಯವಾಗಿ ಎರಡನೆಯ ನಿಯಮದಲ್ಲಿ. ಲೆಕ್ಕ ಬರೆಯುವವರು ಆ ವರ್ಷದ ರಾಜಧನದಿಂದ ಹಿಂದಿನ ಕೊರತೆಯೆಲ್ಲವನ್ನೂ ಕಳೆದು, ಉಳಿದುದನ್ನು ಮಾತ್ರ ಕಳುಹಿಸುತ್ತಾರೆ. ಈ ತಪ್ಪನ್ನು ಗುರುತಿಸುವ ಉಪಾಯವು ಸುಲಭವಾಗಿದೆ: ಯಾವುದೇ ವರ್ಷ ಕೊಟ್ಟ ಹಣವು ಕನಿಷ್ಠ ಹಣಕ್ಕಿಂತ ಕಡಿಮೆಯಾಗಿದ್ದರೆ ಆ ಲೆಕ್ಕವು ತಪ್ಪೆಂದು ತಿಳಿಯಬೇಕು.

4. ಒಂದು ಉದಾಹರಣೆ

ಸಂಕರ ತರಕಾರಿ ಬೀಜದ ಉತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯಲ್ಲಿ ರೈತರ ಒಂದು ಕಂಪೆನಿಯು ಒಂದು ಸಂಕರ ಟೊಮೇಟೊ ತಳಿಗೆ ಐದು ವರ್ಷಗಳ ಪರವಾನಗಿಯನ್ನು ಪಡೆಯಿತೆಂದು ಇಟ್ಟುಕೊಳ್ಳೋಣ. ತಂದೆ ತಾಯಿ ಸಾಲುಗಳ ಬೀಜವನ್ನು ಹಕ್ಕುದಾರರು ಒದಗಿಸುವರು. ಕಂಪೆನಿಯು ವ್ಯಾಪಾರಿಗಳಿಗೆ 10 ಗ್ರಾಮಿನ ಪೊಟ್ಟಣವನ್ನು 300 ರೂಪಾಯಿಗೆ, ಅಂದರೆ ಕಿಲೋ ಬೀಜವನ್ನು 30,000 ರೂಪಾಯಿಗೆ ಮಾರುವುದು. ರಾಜಧನವು ನೂರಕ್ಕೆ 5. ಆದುದರಿಂದ ಒಂದು ಕಿಲೋಗೆ 1,500 ರೂಪಾಯಿ. ಕನಿಷ್ಠ ಖಾತರಿ ಹಣವು ವರ್ಷಕ್ಕೆ 1,50,000 ರೂಪಾಯಿ. ಯಾವುದೇ ವರ್ಷದ ಕೊರತೆಯನ್ನು ಅದರ ಮುಂದಿನ ಎರಡು ವರ್ಷಗಳೊಳಗೆ ಮುಜರಾ ಮಾಡಿಕೊಳ್ಳತಕ್ಕದ್ದು. ಆ ವಾಯಿದೆ ಮೀರಿದರೆ ಅದು ರದ್ದಾಗುವುದು.

ಕರಾರಿಗೆ ರುಜು ಹಾಕುವ ಮೊದಲೇ ಮಾಡಬೇಕಾದ ಒಂದು ಭಾಗಾಕಾರವುಂಟು. ಕನಿಷ್ಠ ಹಣವನ್ನು ಒಂದು ಕಿಲೋ ರಾಜಧನದಿಂದ ಭಾಗಿಸಿದರೆ 100 ಕಿಲೋ ಬರುತ್ತದೆ. ವರ್ಷಕ್ಕೆ 100 ಕಿಲೋ ಮಾರದಿದ್ದರೆ ಕೊರತೆಯೆಂದೂ, ಅದಕ್ಕೆ ಮೀರಿ ಮಾರಿದರೆ ಹೆಚ್ಚಳವೆಂದೂ ಇದರಿಂದ ಗೊತ್ತಾಗುವುದು. ನಮ್ಮ ಸದಸ್ಯರ ಹೊಲಗಳಿಂದ ಅಷ್ಟು ಬೀಜ ಬಂದೀತೇ, ಬಂದುದು ಅಂಗಡಿಗಳಲ್ಲಿ ಮಾರಿಹೋದೀತೇ ಎಂಬುದನ್ನು ಆಗಲೇ ಯೋಚಿಸಬಹುದು.

ಐದು ವರ್ಷಗಳ ಮಾರಾಟವು ಕ್ರಮವಾಗಿ 40, 80, 140, 160 ಮತ್ತು 110 ಕಿಲೋ ಆಯಿತೆಂದು ಇಟ್ಟುಕೊಂಡರೆ ಲೆಕ್ಕವು ಹೀಗಿರುವುದು (ಹಣವು ರೂಪಾಯಿಗಳಲ್ಲಿ):

| ವರ್ಷ | ಮಾರಾಟ (ಕಿಲೋ) | ರಾಜಧನ | ಕೊರತೆ | ಮುಜರಾ | ಕೊಟ್ಟ ಹಣ |
|---|---|---|---|---|---|
| 1 | 40 | 60,000 | 90,000 | – | 1,50,000 |
| 2 | 80 | 1,20,000 | 30,000 | – | 1,50,000 |
| 3 | 140 | 2,10,000 | – | 60,000 | 1,50,000 |
| 4 | 160 | 2,40,000 | – | 30,000 | 2,10,000 |
| 5 | 110 | 1,65,000 | – | – | 1,65,000 |
| ಒಟ್ಟು | 530 | 7,95,000 | 1,20,000 | 90,000 | 8,25,000 |

ಮೂರನೆಯ ವರ್ಷವನ್ನು ಗಮನಿಸಬೇಕು. ಆ ವರ್ಷದ ಹೆಚ್ಚಳವು 60,000 ರೂಪಾಯಿ. ಅದಷ್ಟೂ ಮೊದಲನೆಯ ವರ್ಷದ 90,000ಕ್ಕೆ ಸಲ್ಲುತ್ತದೆ. ಉಳಿದ 30,000 ರೂಪಾಯಿಗೆ ವಾಯಿದೆಯು ಆ ವರ್ಷದ ಕೊನೆಗೇ ತೀರಿದ್ದರಿಂದ ಅದು ರದ್ದಾಗಿಹೋಯಿತು. ನಾಲ್ಕನೆಯ ವರ್ಷದಲ್ಲಿ 90,000 ರೂಪಾಯಿಗಳ ಹೆಚ್ಚಳವಿದ್ದರೂ ಮುಜರಾಕ್ಕೆ ಉಳಿದಿದ್ದುದು ಎರಡನೆಯ ವರ್ಷದ 30,000 ಮಾತ್ರ. ಕೊಟ್ಟ ಹಣಕ್ಕೂ ನಿಜವಾದ ರಾಜಧನಕ್ಕೂ ಇರುವ 30,000 ರೂಪಾಯಿಗಳ ಅಂತರವು ರದ್ದಾದ ಕೊರತೆಗೆ ಸಮನಾಗಿರುವುದರಿಂದ ಲೆಕ್ಕವು ಸರಿಯೆಂದು ತಾಳೆ ನೋಡಬಹುದು. ಇಂತಹ ಯಾವ ಲೆಕ್ಕದಲ್ಲಿಯೂ ಕೊನೆಗೆ ಈ ತಾಳೆಯು ಬೀಳಲೇಬೇಕು.

5. ವಾಯಿದೆಯ ಮಾತುಗಳನ್ನು ಓದುವ ಬಗೆ

ಈಗ ಮಾರಾಟವನ್ನು ಹಾಗೆಯೇ ಇಟ್ಟು ವಾಯಿದೆಯನ್ನು ಮಾತ್ರ ಬದಲಾಯಿಸಿ ನೋಡೋಣ.

ಕೊರತೆಯನ್ನು ಪರವಾನಗಿಯ ಅವಧಿ ಮುಗಿಯುವವರೆಗೂ ಮುಜರಾ ಮಾಡಿಕೊಳ್ಳಬಹುದೆಂದು ಬರೆದಿದ್ದರೆ, ನಾಲ್ಕನೆಯ ವರ್ಷದಲ್ಲಿ ಉಳಿದ 60,000ವೂ ತೀರಿ, ಒಟ್ಟು ಕೊಡುವುದು 7,95,000 ರೂಪಾಯಿ. ಅಂದರೆ ನಿಜವಾದ ರಾಜಧನದಷ್ಟೇ. ಮುಂದಿನ ಎರಡು ವರ್ಷಗಳೊಳಗೆ ಎಂದಿದ್ದರೆ, ಮೇಲೆ ಕಂಡಂತೆ 8,25,000. ಪರವಾನಗಿಯ ಮೊದಲ ಮೂರು ವರ್ಷಗಳೊಳಗೆ ಮಾತ್ರ ಎಂದಿದ್ದರೆ, ಮೂರನೆಯ ವರ್ಷದ 60,000 ಬಿಟ್ಟು ಮಿಕ್ಕಿದ್ದೆಲ್ಲವೂ ರದ್ದಾಗಿ 8,55,000. ಮುಜರಾ ಕಲಮೇ ಇಲ್ಲದಿದ್ದರೆ 9,15,000.

'ಮುಂದಿನ ಎರಡು ವರ್ಷ' ಎಂಬುದೂ 'ಮೊದಲ ಮೂರು ವರ್ಷ' ಎಂಬುದೂ ಕೇಳುವವರಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಒಂದರಲ್ಲಿ ಪ್ರತಿ ವರ್ಷದ ಕೊರತೆಗೂ ಬೇರೆ ಬೇರೆ ವಾಯಿದೆಯಿದ್ದು ಅದು ಮುಂದಕ್ಕೆ ಸರಿಯುತ್ತದೆ. ಇನ್ನೊಂದರಲ್ಲಿ ಎಲ್ಲ ಕೊರತೆಗೂ ಒಂದೇ ದಿನ ಬಾಗಿಲು ಮುಚ್ಚುತ್ತದೆ. ಎರಡನೆಯ ವರ್ಷದ ಕೊರತೆಗೆ ಮೊದಲಿನ ಕರಾರಿನಲ್ಲಿ ಎರಡು ವರ್ಷಗಳ ಅವಕಾಶವಿದ್ದರೆ, ಇದರಲ್ಲಿ ಒಂದೇ ವರ್ಷ. ಹೊಸ ತಳಿಯ ಮಾರಾಟವು ನಿಧಾನವಾಗಿ ಏರತಕ್ಕದ್ದಾದುದರಿಂದ ಬೀಜೋತ್ಪಾದಕರಿಗೆ ಮುಂದಕ್ಕೆ ಸರಿಯುವ ವಾಯಿದೆಯೇ ಅನುಕೂಲವಾದುದು.

6. ಯಾವುದನ್ನು ಮಾರಾಟವೆಂದು ಎಣಿಸಬೇಕು

ತರಕಾರಿ ಬೀಜದ ವ್ಯಾಪಾರದಲ್ಲಿ ಅಂಗಡಿಗೆ ಕಳುಹಿಸಿದ ಪೊಟ್ಟಣಗಳೆಲ್ಲವೂ ಮಾರಿಹೋಗುವುದಿಲ್ಲ. ಚೀಟಿಯಲ್ಲಿ ನಮೂದಿಸಿದ ಅವಧಿ ತೀರುವ ಹೊತ್ತಿಗೆ ಉಳಿದುವು ಹಿಂದಕ್ಕೆ ಬರುತ್ತವೆ. ಹೀಗೆ ಹಿಂದಿರುಗಿದುದನ್ನು ಕಳೆದ ಮೇಲಿನ ಮಾರಾಟಕ್ಕೆ ರಾಜಧನವೆಂದು ಕರಾರಿನಲ್ಲಿ ಬರೆಯುವುದು ನ್ಯಾಯವಾದುದು. ಆದರೆ ಯಾವ ವರ್ಷದ ಲೆಕ್ಕದಿಂದ ಕಳೆಯಬೇಕೆಂಬುದನ್ನೂ ಬರೆಯದಿದ್ದರೆ ಕಲಹಕ್ಕೆ ಎಡೆಯಾಗುತ್ತದೆ.

ಮೇಲಿನ ಉದಾಹರಣೆಯಲ್ಲಿಯೇ ಕಂಪೆನಿಯು ಮೂರನೆಯ ವರ್ಷದ ಮಾರ್ಚಿ ತಿಂಗಳಲ್ಲಿ 20 ಕಿಲೋ ಬೀಜವನ್ನು ಹೆಚ್ಚಾಗಿ ಅಂಗಡಿಗಳಿಗೆ ಕಳುಹಿಸಿ, ಅದು ನಾಲ್ಕನೆಯ ವರ್ಷದ ಮೊದಲಲ್ಲಿ ಹಿಂದಕ್ಕೆ ಬಂದಿತೆಂದು ಇಟ್ಟುಕೊಳ್ಳೋಣ. ಕಳುಹಿಸಿದುದನ್ನೇ ಮಾರಾಟವೆಂದು ಬರೆದರೆ ಮೂರನೆಯ ವರ್ಷದ ಮಾರಾಟವು 160 ಕಿಲೋ, ಹೆಚ್ಚಳವು 90,000 ರೂಪಾಯಿ. ಮೊದಲ ವರ್ಷದ ಕೊರತೆಯು ವಾಯಿದೆಯೊಳಗೇ ಪೂರ್ತಿಯಾಗಿ ತೀರಿಹೋಗುತ್ತದೆ. ನಾಲ್ಕನೆಯ ವರ್ಷದ ಮಾರಾಟವು 20 ಕಿಲೋ ಇಳಿದು 140 ಆಗಿ, ರಾಜಧನವು 2,10,000, ಮುಜರಾ 30,000, ಕೊಡುವುದು 1,80,000. ಎರಡು ವರ್ಷದ ಮಾರಾಟವು ಒಟ್ಟಿನಲ್ಲಿ ಅದೇ 300 ಕಿಲೋ ಆದರೂ ಹಕ್ಕುದಾರರಿಗೆ 30,000 ರೂಪಾಯಿ ಕಡಿಮೆ ಸೇರುತ್ತದೆ.

ಆದುದರಿಂದ ಹಕ್ಕುದಾರರಾದ ರೈತರು ವಾಯಿದೆ ತೀರುವ ವರ್ಷದ ಕೊನೆಯ ತಿಂಗಳ ರವಾನೆಯನ್ನು ಹಿಂದಿನ ವರ್ಷಗಳ ಅದೇ ತಿಂಗಳಿನೊಡನೆ ಹೋಲಿಸಿ, ಮುಂದಿನ ಮೂರು ತಿಂಗಳಲ್ಲಿ ಹಿಂದಿರುಗಿದ ಪೊಟ್ಟಣಗಳ ಲೆಕ್ಕವನ್ನು ಲಾಟು ನಂಬರಿನ ಸಮೇತ ಕೇಳಿ ಪಡೆಯಬೇಕು. ಹಿಂದಿರುಗಿದ ಬೀಜವನ್ನು ಅದು ರವಾನೆಯಾದ ವರ್ಷದ ಲೆಕ್ಕದಿಂದಲೇ ಕಳೆಯತಕ್ಕದ್ದೆಂಬ ಒಂದು ವಾಕ್ಯವು ಕರಾರಿನಲ್ಲಿದ್ದರೆ ಈ ತೊಡಕೇ ಹುಟ್ಟುವುದಿಲ್ಲ. ಪರವಾನಗಿದಾರರಿಗೂ ಇದರಿಂದ ನಷ್ಟವೆಂದು ಹೇಳುವಂತಿಲ್ಲ. ಮಾರದ ಬೀಜಕ್ಕೆ ಅವರು ಎಂದೂ ರಾಜಧನ ಕೊಡಬೇಕಾಗುವುದಿಲ್ಲ.

7. ಕನಿಷ್ಠ ಹಣವನ್ನು ಯಾವಾಗ ಇಳಿಸಬೇಕು

ಉದಾಹರಣೆಯ ಕಂಪೆನಿಗೆ ಮೊದಲ ವರ್ಷವೇ ದೊಡ್ಡ ಕೊರತೆಯಾದುದು ಅದರ ಸೋಮಾರಿತನದಿಂದಲ್ಲ. ಸಂಕರ ಬೀಜವು ಕೈಗೆ ಬರಲು ತಂದೆ ತಾಯಿ ಸಾಲುಗಳನ್ನು ಬಿತ್ತಿ, ತಾಯಿ ಗಿಡದ ಮೊಗ್ಗುಗಳಿಂದ ಕೇಸರಗಳನ್ನು ಸಂಜೆ ತೆಗೆದು, ಮರುದಿನ ಬೆಳಿಗ್ಗೆ ಪರಾಗವನ್ನು ಮುಟ್ಟಿಸಿ, ಹಣ್ಣಾದ ಮೇಲೆ ಬೀಜವನ್ನು ಬೇರ್ಪಡಿಸಿ ಒಣಗಿಸಬೇಕು. ಅನಂತರ ಮೊಳಕೆಯ ಪರೀಕ್ಷೆಯೂ, ತಳಿಯ ಶುದ್ಧತೆಗಾಗಿ ಹೊಲದಲ್ಲಿ ಬೆಳೆಸಿ ನೋಡುವ ಪರೀಕ್ಷೆಯೂ ಆಗಬೇಕು. ಇಷ್ಟರಲ್ಲಿ ವರ್ಷದ ಬಹುಭಾಗವು ಕಳೆದಿರುತ್ತದೆ. ಪರವಾನಗಿಗೆ ರುಜು ಹಾಕಿದ ದಿನದಿಂದಲೇ ಪೂರ್ಣ ಕನಿಷ್ಠ ಹಣವು ಓಡತೊಡಗಿದರೆ ಮೊದಲ ವರ್ಷದ ಕೊರತೆಯು ತಪ್ಪಿದ್ದಲ್ಲ. ಅದಕ್ಕೆ ಬದಲಾಗಿ ಪರೀಕ್ಷೆ ಮುಗಿದು ಮೊದಲ ಲಾಟು ಮಾರಾಟಕ್ಕೆ ಸಿದ್ಧವಾದ ದಿನದಿಂದ ವರ್ಷವನ್ನು ಎಣಿಸುವಂತೆಯೋ, ಮೊದಲ ವರ್ಷಕ್ಕೆ ಕನಿಷ್ಠ ಹಣವನ್ನು ತಗ್ಗಿಸುವಂತೆಯೋ ಕೇಳಿಕೊಳ್ಳುವುದು ಲೇಸು.

ಹಕ್ಕುದಾರರ ಕಡೆಯಿಂದ ತಂದೆ ತಾಯಿ ಸಾಲುಗಳ ಬೀಜವು ತಡವಾಗಿ ಬಂದರೆ, ತಡವಾದ ತಿಂಗಳುಗಳಿಗೆ ತಕ್ಕಂತೆ ಕನಿಷ್ಠ ಹಣವು ಇಳಿಯಬೇಕೆಂಬ ಮಾತೂ ಇರಬೇಕು. ಎರಡನೆಯ ವರ್ಷದಲ್ಲಿ ನಾಲ್ಕು ತಿಂಗಳು ತಡವಾಯಿತೆನ್ನಿ. ಆಗ ಕನಿಷ್ಠ ಹಣವು 12ರಲ್ಲಿ 8 ಪಾಲು, ಅಂದರೆ 1,00,000 ರೂಪಾಯಿ ಆಗುತ್ತದೆ. ಆ ವರ್ಷದ ರಾಜಧನವು 1,20,000 ಇರುವುದರಿಂದ ಕೊರತೆಯ ಬದಲು 20,000 ರೂಪಾಯಿಗಳ ಹೆಚ್ಚಳವೇ ಬಂದು, ಅದು ಮೊದಲ ವರ್ಷದ ಕೊರತೆಗೆ ಸಲ್ಲುತ್ತದೆ.

ಮೂರನೆಯ ಸಂದರ್ಭವೆಂದರೆ ಸರಕಾರವೇ ರಾಜಧನದ ದರವನ್ನು ಕಟ್ಟುಮಾಡುವುದು. ಹತ್ತಿಯ ಬೀಜದಲ್ಲಿ ಇದು ನಡೆದಿದೆ. ಕೇಂದ್ರ ಸರಕಾರವು 2015ರಲ್ಲಿ ಹತ್ತಿ ಬೀಜದ ಬೆಲೆ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿ, ಬಿ.ಜಿ. 2 ಎಂಬ ಬಿ.ಟಿ. ಹತ್ತಿಯ 450 ಗ್ರಾಮಿನ ಪೊಟ್ಟಣಕ್ಕೆ ಬೀಜದ ಕಂಪೆನಿಗಳು ತಂತ್ರಜ್ಞಾನದ ಒಡೆಯರಿಗೆ ಕೊಡುವ ಹಣವನ್ನು 2016ರಲ್ಲಿ 49 ರೂಪಾಯಿಗೆ ನಿಗದಿಪಡಿಸಿತು. ಅದು 2018ರಲ್ಲಿ 39ಕ್ಕೂ, 2019ರಲ್ಲಿ 20ಕ್ಕೂ ಇಳಿದು, 2020ರಲ್ಲಿ ಇಲ್ಲವೇ ಆಯಿತು. ಯಾವುದಾದರೂ ಕರಾರಿನಲ್ಲಿ ಕನಿಷ್ಠ ಹಣವನ್ನು 4,90,000 ರೂಪಾಯಿಯೆಂದು ಸ್ಥಿರವಾಗಿ ಬರೆದಿದ್ದರೆ, 49 ರೂಪಾಯಿಯ ದರದಲ್ಲಿ 10,000 ಪೊಟ್ಟಣಗಳನ್ನು ಮಾರಿದರೆ ಅದು ಸರಿತೂಗುತ್ತಿತ್ತು. 20 ರೂಪಾಯಿಯ ದರದಲ್ಲಿ 24,500 ಪೊಟ್ಟಣಗಳು ಬೇಕು. ದರವೇ ಇಲ್ಲವಾದ ಮೇಲೆ ಎಷ್ಟು ಮಾರಿದರೂ ಸರಿತೂಗದು. ದರವು ಇಳಿದರೆ ಅದೇ ಪ್ರಮಾಣದಲ್ಲಿ ಕನಿಷ್ಠ ಹಣವೂ ಇಳಿಯತಕ್ಕದ್ದೆಂಬ ಕಲಮನ್ನು ಸೇರಿಸುವುದರ ಕಾರಣವು ಇದರಿಂದ ಸ್ಪಷ್ಟವಾಗುವುದು.

8. ಲೆಕ್ಕದ ಪುಸ್ತಕದಲ್ಲಿ ಬರೆಯುವ ಕ್ರಮ

ಪರವಾನಗಿದಾರರು ಕೊರತೆಗೆಂದು ಒಂದು ಪ್ರತ್ಯೇಕ ಖಾತೆಯನ್ನಿಟ್ಟು, ಪ್ರತಿ ವರ್ಷದ ಕೊರತೆಯನ್ನೂ ಬೇರೆ ಬೇರೆ ಸಾಲಿನಲ್ಲಿ, ಅದರ ವಾಯಿದೆ ತೀರುವ ತಾರೀಖಿನೊಡನೆ ಬರೆಯಬೇಕು. ಒಟ್ಟು ಮೊತ್ತವೊಂದನ್ನೇ ಬರೆದಿಟ್ಟರೆ ಯಾವುದು ಎಂದು ರದ್ದಾಗುವುದೆಂಬುದು ಮರೆತುಹೋಗುತ್ತದೆ. ಮುಂದೆ ಮುಜರಾ ಆಗುವ ಭರವಸೆಯಿದ್ದಷ್ಟನ್ನು ಮಾತ್ರ ಆ ಖಾತೆಯಲ್ಲಿ ಉಳಿಸಿ, ರದ್ದಾದುದನ್ನೂ, ವಾಯಿದೆಯಿದ್ದರೂ ಮಾರಾಟದ ನಿರೀಕ್ಷೆಯಿಲ್ಲದುದನ್ನೂ ಅದೇ ವರ್ಷದ ನಷ್ಟಕ್ಕೆ ಸೇರಿಸಬೇಕು. ಇಲ್ಲವಾದರೆ ಇಲ್ಲದ ಆಸ್ತಿಯನ್ನು ಇದೆಯೆಂದು ತೋರಿಸಿ ಸದಸ್ಯರಿಗೆ ಲಾಭ ಹಂಚಿದಂತಾಗುತ್ತದೆ.

ಹಕ್ಕುದಾರರು ಇದನ್ನೇ ತಿರುವಿ ನೋಡಬೇಕು. ಮೊದಲ ವರ್ಷ ಅವರ ಕೈಗೆ ಬಂದ 1,50,000 ರೂಪಾಯಿಗಳಲ್ಲಿ ಗಳಿಕೆಯೆಂದು ನಿಶ್ಚಯವಾದುದು 60,000 ಮಾತ್ರ. ಮಿಕ್ಕ 90,000ವನ್ನು ಮುಂದಿನ ವರ್ಷಗಳಲ್ಲಿ ಹಿಡಿದುಕೊಳ್ಳಬಹುದಾದ ಹಣವೆಂದು ಬೇರೆ ಬರೆದಿಡತಕ್ಕದ್ದು. ಮೂರನೆಯ ವರ್ಷ ಮಾರಾಟವು ಮೂರೂವರೆ ಪಟ್ಟಾದರೂ ಕೈಗೆ ಬರುವುದು ಮತ್ತೆ ಅದೇ 1,50,000. ಮಾರಾಟ ಹೆಚ್ಚಿತೆಂದು ಕೇಳಿ, ಹೆಚ್ಚು ಹಣ ಬರುವುದೆಂದು ನಂಬಿ ಕೊಳವೆಬಾವಿಗೋ ಮದುವೆಗೋ ಸಾಲ ಮಾಡಿದ ರೈತನು ಆಗ ಕಷ್ಟಕ್ಕೆ ಸಿಕ್ಕುತ್ತಾನೆ.

ಅಭ್ಯಾಸ

ಕನಿಷ್ಠ ಖಾತರಿ ಹಣವು ವರ್ಷಕ್ಕೆ 60,000 ರೂಪಾಯಿ. ಮೂರು ವರ್ಷಗಳ ರಾಜಧನವು ಕ್ರಮವಾಗಿ 45,000, 50,000 ಮತ್ತು 90,000 ರೂಪಾಯಿ. ಕೊರತೆಯನ್ನು ಅದರ ಮುಂದಿನ ಒಂದು ವರ್ಷದೊಳಗೆ ಮಾತ್ರ ಮುಜರಾ ಮಾಡಿಕೊಳ್ಳಬಹುದು. ಪ್ರತಿ ವರ್ಷ ಕೊಡತಕ್ಕ ಹಣವೆಷ್ಟು?

ಉತ್ತರ: 60,000, 60,000 ಮತ್ತು 80,000 ರೂಪಾಯಿ. ಮೊದಲ ವರ್ಷದ 15,000 ಕೊರತೆಯು ಎರಡನೆಯ ವರ್ಷದಲ್ಲಿ ಹೆಚ್ಚಳವಿಲ್ಲದೆ ಆ ವರ್ಷದ ಕೊನೆಗೆ ರದ್ದಾಯಿತು. ಮೂರನೆಯ ವರ್ಷದ ಹೆಚ್ಚಳವು 30,000 ಇದ್ದರೂ ಹಿಡಿದುಕೊಳ್ಳಲು ಉಳಿದುದು ಎರಡನೆಯ ವರ್ಷದ 10,000 ಮಾತ್ರ. ಕೊಟ್ಟ ಹಣ 2,00,000, ರಾಜಧನ 1,85,000, ಅಂತರ 15,000, ರದ್ದಾದ ಕೊರತೆಗೆ ತಾಳೆ.